ನಿಮ್ಮ ನಾಲ್ಕು, ನನ್ನ ನಾಲ್ಕು ಒಂದೇ ಆಗಬೇಕಾದರೆ

ಒಂದು ಪ್ರೌಢಶಾಲೆಗೆ ಗಣಿತ ಶಿಕ್ಷಕರು ಬೇಕಾಗಿದ್ದಾರೆ ಎಂದುಕೊಳ್ಳಿ. ಸಂದರ್ಶನಕ್ಕೆ ನಾಲ್ವರು ಕೂತಿದ್ದಾರೆ: ಮುಖ್ಯೋಪಾಧ್ಯಾಯಿನಿ, ಶಾಲೆಯ ಹಿರಿಯ ಗಣಿತ ಶಿಕ್ಷಕರು, ಆಡಳಿತ ಮಂಡಳಿಯ ಕಾರ್ಯದರ್ಶಿ ಮತ್ತು ಹೊರಗಿನಿಂದ ಕರೆಸಿದ ನಿವೃತ್ತ ಪ್ರಾಧ್ಯಾಪಕರು. ಎಲ್ಲರ ಕೈಯಲ್ಲೂ ಒಂದೇ ಹಾಳೆ. ವಿಷಯಜ್ಞಾನ, ಕಲಿಸುವ ರೀತಿ, ತರಗತಿ ನಿರ್ವಹಣೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಅಭ್ಯರ್ಥಿ ಎದ್ದು ಹೋದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ 'ಕಲಿಸುವ ರೀತಿ'ಗೆ ಬಿದ್ದಿರುವ ಅಂಕಗಳು 4, 3, 5, 2. ಕೇಳಿದ ಉತ್ತರ ಒಂದೇ, ಕೂತ ಕೋಣೆ ಒಂದೇ, ಅಂಕ ಮಾತ್ರ ನಾಲ್ಕು ಬಗೆ.

ಇಂಥ ಕಡೆ ಸಾಮಾನ್ಯವಾಗಿ ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆದು, 3.5 ಎಂದು ಬರೆದುಕೊಂಡು ಮುಂದಿನವರನ್ನು ಕರೆಯುತ್ತಾರೆ. ಆ 3.5 ಯಾರ ಅಭಿಪ್ರಾಯವೂ ಅಲ್ಲ. ಹಿಂದೆ ಊರೂರಿಗೆ ಸೇರಿನ ಅಳತೆ ಬೇರೆಯಿದ್ದಾಗ, ನಾಲ್ಕು ಊರಿನ ಸೇರಿನಲ್ಲಿ ಅಳೆದ ಭತ್ತವನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸಿಗುತ್ತಿದ್ದ ಲೆಕ್ಕದಂಥದ್ದು ಅದು. ನಾಲ್ವರೂ ಎಲ್ಲ ಅಭ್ಯರ್ಥಿಗಳನ್ನೂ ನೋಡಿದರೆ ಹಾನಿ ಸ್ವಲ್ಪ ಕಡಿಮೆ. ಅಭ್ಯರ್ಥಿಗಳು ಹೆಚ್ಚಾಗಿ ಎರಡು ಪ್ಯಾನೆಲ್ ಮಾಡಿದರೆ, ಯಾರ ಎದುರು ಕೂತರು ಎಂಬುದರ ಮೇಲೆಯೇ ಕೆಲಸ ಸಿಗುವುದು, ತಪ್ಪುವುದು ನಿಂತುಬಿಡುತ್ತದೆ.

ಎಲ್ಲರ ಅಂಕಕ್ಕೂ ಒಂದೇ ಅರ್ಥ ಬರುವಂತೆ ಮಾಡಲು ಸಾಧ್ಯವಿದೆ. ಆ ಕೆಲಸದ ಬಹುಪಾಲು ನಡೆಯಬೇಕಾದದ್ದು ಮೊದಲ ಅಭ್ಯರ್ಥಿ ಒಳಗೆ ಬರುವ ಮುಂಚೆ. ಆಮೇಲೆ ಲೆಕ್ಕ ಹಾಕಿ ಸರಿಪಡಿಸಬಹುದಾದದ್ದು ಬಹಳ ಕಡಿಮೆ.

ಅಂಕದ ಎದುರು ಏನು ಬರೆದಿದೆ?

ಹೆಚ್ಚಿನ ಹಾಳೆಗಳಲ್ಲಿ 1 ಎಂದರೆ 'ಕಳಪೆ', 3 ಎಂದರೆ 'ಸಾಧಾರಣ', 5 ಎಂದರೆ 'ಅತ್ಯುತ್ತಮ' ಎಂದಿರುತ್ತದೆ. ತೊಡಕು ಇಲ್ಲಿಂದಲೇ ಶುರು. 'ಉತ್ತಮ' ಎನ್ನುವಾಗ ಪ್ರಾಧ್ಯಾಪಕರ ಮನಸ್ಸಿನಲ್ಲಿರುವುದು ಅವರು ಕಲಿಸಿದ ಎಂ.ಎಸ್ಸಿ. ವಿದ್ಯಾರ್ಥಿಗಳು. ಕಾರ್ಯದರ್ಶಿಯವರ ಮನಸ್ಸಿನಲ್ಲಿರುವುದು ಕಳೆದ ವರ್ಷ ಬಿಟ್ಟುಹೋದ ಶಿಕ್ಷಕರು. ಇಬ್ಬರೂ ಪ್ರಾಮಾಣಿಕವಾಗಿಯೇ ಅಂಕ ಕೊಡುತ್ತಾರೆ, ಆದರೆ ಹೋಲಿಸುವುದು ಬೇರೆ ಬೇರೆ ಜನರೊಂದಿಗೆ.

ಇದಕ್ಕೊಂದು ಹಳೆಯ, ಗಟ್ಟಿಯಾದ ಪರಿಹಾರವಿದೆ. 1963ರಲ್ಲಿ ಪೆಟ್ರೀಷಿಯಾ ಸ್ಮಿತ್ ಮತ್ತು ಲೋರ್ನ್ ಕೆಂಡಾಲ್ ಎಂಬ ಮನಶ್ಶಾಸ್ತ್ರಜ್ಞರು ಆಸ್ಪತ್ರೆಯ ದಾದಿಯರ ಕೆಲಸವನ್ನು ಅಳೆಯಲು ಹೊಸ ಬಗೆಯ ಪಟ್ಟಿಯೊಂದನ್ನು ಮಾಡಿದರು. ಅದರಲ್ಲಿ ಅಂಕದ ಎದುರು ಗುಣವಾಚಕ ಬರೆಯುವ ಬದಲು, ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ನಡವಳಿಕೆಯನ್ನೇ ಬರೆದಿದ್ದರು. ಆ ನಡವಳಿಕೆಗಳನ್ನು ಹೇಳಿದವರು ವಾರ್ಡಿನಲ್ಲಿ ದುಡಿಯುವ ಮುಖ್ಯ ದಾದಿಯರೇ. ಇವತ್ತಿಗೂ ಸಂದರ್ಶನದ ಅಂಕಪಟ್ಟಿ ಮಾಡುವ ಹಲವರು ಇದೇ ದಾರಿ ಹಿಡಿಯುತ್ತಾರೆ.

ನಮ್ಮ ಗಣಿತ ಶಿಕ್ಷಕರ ಸಂದರ್ಶನಕ್ಕೆ ಅದನ್ನು ಹಚ್ಚಿ ನೋಡೋಣ. 'ಕಲಿಸುವ ರೀತಿ' ತಿಳಿಯಲು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ: "ಎಂಟನೇ ತರಗತಿಯ ಹುಡುಗಿಯೊಬ್ಬಳು 1/2 + 1/3 = 2/5 ಎಂದು ಬರೆದಿದ್ದಾಳೆ. ನೀವು ಅವಳ ಬೆಂಚಿನ ಪಕ್ಕ ನಿಂತಿದ್ದೀರಿ. ಏನು ಮಾಡುತ್ತೀರಿ?" ಭಿನ್ನರಾಶಿ ಕಲಿಸಿದ ಯಾರಿಗೇ ಆಗಲಿ ಈ ತಪ್ಪು ಚಿರಪರಿಚಿತ. ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ.

ಇದಕ್ಕೆ ಬರಬಹುದಾದ ಉತ್ತರಗಳನ್ನು ಕಲಿಸಿ ಪಳಗಿದ ಶಿಕ್ಷಕರೇ ಮೆಟ್ಟಿಲಾಗಿ ಜೋಡಿಸಬಲ್ಲರು. 'ತಪ್ಪು, ಉತ್ತರ 5/6' ಎಂದು ಬರೆದುಕೊಟ್ಟು ಮುಂದೆ ಹೋದರೆ 1. ಲ.ಸಾ.ಅ. ತೆಗೆದು ಕೂಡಿಸುವ ಕ್ರಮವನ್ನು ತಪ್ಪಿಲ್ಲದೆ ಹೇಳಿಕೊಟ್ಟೂ, ಛೇದ ಒಂದೇ ಯಾಕಿರಬೇಕು ಎಂಬುದನ್ನು ಮಗುವಿಗೆ ಕಾಣಿಸದಿದ್ದರೆ 2. ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ ಎಂದು ಗುರುತಿಸಿ, ಹಾಗೆ ಕೂಡಿಸಲು ಯಾಕೆ ಆಗುವುದಿಲ್ಲ ಎಂಬುದನ್ನು ಕಾಗದದ ಪಟ್ಟಿಯಿಂದಲೋ ಚಿತ್ರದಿಂದಲೋ ತೋರಿಸಿದರೆ 3. ಅಷ್ಟರ ಮೇಲೆ, ತಪ್ಪನ್ನು ಮಗುವೇ ಕಂಡುಕೊಳ್ಳುವಂತೆ ಮಾಡಿದರೆ 4. ಉದಾಹರಣೆಗೆ, "2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬಂತಲ್ಲ, ಹೇಗೆ?" ಎಂದು ಕೇಳುವುದು. ಇನ್ನು 5 ಸಿಗಬೇಕಾದರೆ ಇದೆಲ್ಲದಕ್ಕೂ ಮೊದಲು "ಇದನ್ನು ಹೇಗೆ ಮಾಡಿದೆ, ಹೇಳು" ಎಂದು ಮಗುವಿನ ಲೆಕ್ಕವನ್ನು ಕೇಳಿಸಿಕೊಳ್ಳಬೇಕು, ಕೊನೆಗೆ 1/4 + 2/3 ತರಹದ ಬೇರೆ ಲೆಕ್ಕ ಕೊಟ್ಟು ಅರ್ಥವಾಯಿತೇ ಎಂದು ನೋಡಬೇಕು.

ಈ ಮೆಟ್ಟಿಲುಗಳಲ್ಲಿ 'ಚೆನ್ನಾಗಿ', 'ಸಮರ್ಪಕವಾಗಿ', 'ಆತ್ಮವಿಶ್ವಾಸದಿಂದ' ಎಂಬ ಮಾತುಗಳು ಎಲ್ಲೂ ಇಲ್ಲ. ಅಂಥ ಪದ ಒಂದು ಉಳಿದರೂ ಅದರ ಸಂದಿಯಿಂದ ಹಳೆಯ ಜಗಳ ಮತ್ತೆ ಒಳಗೆ ಬರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಅಭ್ಯರ್ಥಿ ಮಾಡಿದ್ದು ಅಥವಾ ಹೇಳಿದ್ದು ಮಾತ್ರ ಇರಬೇಕು.

ಸ್ಮಿತ್ ಮತ್ತು ಕೆಂಡಾಲ್ ಇಟ್ಟಿದ್ದ ಇನ್ನೊಂದು ಪರೀಕ್ಷೆಯನ್ನು ಈಗ ಬಹಳ ಜನ ಬಿಟ್ಟುಬಿಡುತ್ತಾರೆ. ಅದು ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ. ಬರೆದ ನಡವಳಿಕೆಗಳನ್ನು ಚೀಟಿ ಚೀಟಿಯಾಗಿ ಕತ್ತರಿಸಿ, ಅವನ್ನು ಬರೆಯದ ಬೇರೆ ಒಂದಿಬ್ಬರ ಕೈಗೆ ಕೊಡಬೇಕು. ಯಾವ ಚೀಟಿ ಯಾವ ಗುಣಕ್ಕೆ ಸೇರಿದ್ದು, ಎಷ್ಟನೇ ಅಂಕಕ್ಕೆ ಸೇರಿದ್ದು ಎಂದು ಅವರೇ ಜೋಡಿಸಬೇಕು. ನೀವು 4ಕ್ಕೆ ಎಂದು ಬರೆದ ಚೀಟಿಯನ್ನು ಒಬ್ಬರು 2ರಲ್ಲಿ, ಇನ್ನೊಬ್ಬರು 'ವಿಷಯಜ್ಞಾನ'ದಲ್ಲಿ ಇಟ್ಟರೆ ತಪ್ಪು ಅವರದ್ದಲ್ಲ, ಚೀಟಿಯದ್ದು. ಅದನ್ನು ತಿದ್ದಿ, ಇಲ್ಲವೇ ಎಸೆಯಿರಿ. ಹದಿನೈದು ಚೀಟಿಗೆ ಅರ್ಧ ಗಂಟೆ ಸಾಕು.

ಮಾದರಿ ಉತ್ತರದ ಮುಂದೆ ಎಲ್ಲರೂ

ಪಟ್ಟಿ ಸಿದ್ಧವಾದ ಮಾತ್ರಕ್ಕೆ ಅಂಕ ಹೊಂದುವುದಿಲ್ಲ. ಅದನ್ನು ಓದಿದ ನಾಲ್ವರೂ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡಿರುತ್ತಾರೆ. ಆ ಅರ್ಥಗಳು ಎಲ್ಲಿ ಬೇರೆಯಾಗಿವೆ ಎಂದು ತಿಳಿಯಬೇಕಾದರೆ ಎಲ್ಲರೂ ಒಂದೇ ಉತ್ತರಕ್ಕೆ ಅಂಕ ಕೊಟ್ಟು ನೋಡಬೇಕು.

ಮುಂಚೆ ಇಂಥ ತರಬೇತಿಗಳಲ್ಲಿ ಸಂದರ್ಶಕರಿಗೆ ಎಚ್ಚರಿಕೆ ಕೊಡುವ ರೂಢಿ ಇತ್ತು: ಧಾರಾಳವಾಗಿ ಅಂಕ ಹಾಕಬೇಡಿ, ಬಿಗಿಯಾಗಬೇಡಿ, ಎಲ್ಲರಿಗೂ ನಡುವಿನ ಅಂಕ ಕೊಡಬೇಡಿ. ಇದರಿಂದ ಅಂಕಗಳ ಹರಹು ಬದಲಾಗುತ್ತದೆ, ತೀರ್ಪು ಸರಿಯಾಗುತ್ತದೆ ಎಂಬ ಖಾತರಿಯಿಲ್ಲ. 'ನೀವು ತುಂಬ ಬಿಗಿ' ಎಂದು ಹೇಳಿಸಿಕೊಂಡವರು ಮುಂದಿನ ಬಾರಿ ಎಲ್ಲರಿಗೂ ಒಂದೊಂದು ಅಂಕ ಹೆಚ್ಚು ಹಾಕುತ್ತಾರೆ, ಅಷ್ಟೇ. 1981ರಲ್ಲಿ ಬರ್ನಾರ್ಡಿನ್ ಮತ್ತು ಬಕ್ಲಿ ಎಂಬ ಸಂಶೋಧಕರು ಇದನ್ನು ಎತ್ತಿ ತೋರಿಸಿ, ತಪ್ಪುಗಳ ಪಟ್ಟಿ ಕಲಿಸುವ ಬದಲು ಅಂಕ ಕೊಡುವವರೆಲ್ಲರ ಮುಂದೆ ಒಂದೇ ಮಾದರಿ ಇಟ್ಟು, ಅದಕ್ಕೆ ಯಾವ ಅಂಕ, ಯಾಕೆ ಎಂದು ಕಲಿಸಬೇಕು ಎಂದರು.

ಅಂಥದ್ದೊಂದು ಬೈಠಕ್ ಹೇಗಿರುತ್ತದೆ ಎಂದು ಒಮ್ಮೆ ಪೂರ್ತಿ ನಡೆಸಿ ನೋಡೋಣ. ಶಾಲೆಯದೇ ಒಬ್ಬ ಶಿಕ್ಷಕಿ ಅಭ್ಯರ್ಥಿಯ ಪಾತ್ರ ಮಾಡುತ್ತಾರೆ. ಏನು ಹೇಳಬೇಕು ಎಂಬುದನ್ನು ಮೊದಲೇ ಬರೆದುಕೊಟ್ಟಿದೆ. ಹಳೆಯ ಅಭ್ಯರ್ಥಿಯ ಒಪ್ಪಿಗೆ ಪಡೆದು ಮಾಡಿಟ್ಟ ರೆಕಾರ್ಡಿಂಗ್ ಇದ್ದರೆ ಅದೂ ಆದೀತು. ಶಿಕ್ಷಕಿ ಲವಲವಿಕೆಯಿಂದ ಹೇಳುತ್ತಾರೆ: "ಮಗು ಮೇಲೆ ಮೇಲೆ, ಕೆಳಗೆ ಕೆಳಗೆ ಕೂಡಿಸಿದೆ ಸರ್. ಛೇದ ಒಂದೇ ಇಲ್ಲದೆ ಕೂಡಿಸಬಾರದು ಅಂತ ಹೇಳ್ತೀನಿ. ಎರಡು, ಮೂರರ ಲ.ಸಾ.ಅ. ಆರು. ಆಗ 3/6 + 2/6, ಉತ್ತರ 5/6. ಚಿತ್ರ ಬರೆದೂ ತೋರಿಸ್ತೀನಿ. ಮಕ್ಕಳಿಗೆ ಚಿತ್ರ ಅಂದರೆ ಇಷ್ಟ."

ಈಗ ಯಾರೂ ಮಾತಾಡದೆ ಅಂಕ ಬರೆಯಬೇಕು. ಬರೆದ ಮೇಲೆ ಎಲ್ಲರೂ ಒಟ್ಟಿಗೆ ಹಾಳೆ ತಿರುಗಿಸಬೇಕು. ಒಬ್ಬರಾದ ಮೇಲೆ ಒಬ್ಬರು ಬಾಯಲ್ಲಿ ಹೇಳಿದರೆ, ಮೊದಲು ಹೇಳಿದವರ ಅಂಕದ ಸುತ್ತಮುತ್ತಲೇ ಉಳಿದವರೂ ನಿಲ್ಲುತ್ತಾರೆ. ಮೊದಲು ಹೇಳಿದವರು ಕಾರ್ಯದರ್ಶಿಯಾದರಂತೂ ಕೇಳಬೇಕಾಗಿಲ್ಲ.

ಹಾಳೆ ತಿರುಗಿತು. ಮುಖ್ಯೋಪಾಧ್ಯಾಯಿನಿ 4, ಹಿರಿಯ ಶಿಕ್ಷಕರು 3, ಕಾರ್ಯದರ್ಶಿ 5, ಪ್ರಾಧ್ಯಾಪಕರು 2. ಮೊದಲು ಮಾತಾಡಬೇಕಾದವರು ಎರಡು ತುದಿಯವರು. ಅವರನ್ನು "ಯಾಕೆ ಇಷ್ಟು ಕೊಟ್ಟಿರಿ?" ಎಂದು ಕೇಳಿದರೆ ಸಮರ್ಥನೆಗೆ ಇಳಿಯುತ್ತಾರೆ. "ಯಾವ ಮಾತು ಕೇಳಿ ಈ ಅಂಕ ಬರೆದಿರಿ?" ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಕಾರ್ಯದರ್ಶಿ ಹೇಳಿದರು: "ಒಂದು ಕಡೆಯೂ ತಡವರಿಸಲಿಲ್ಲ." ಇದು ನಿಜ, ಆದರೆ ಪಟ್ಟಿಯ ಯಾವ ಮೆಟ್ಟಿಲಿನಲ್ಲೂ ಇಲ್ಲ. ಪ್ರಾಧ್ಯಾಪಕರು ಹೇಳಿದರು: "ಸಮಾನ ಭಿನ್ನರಾಶಿಯ ಕಲ್ಪನೆಯನ್ನೇ ಹೆಸರಿಸಲಿಲ್ಲ." ಇದೂ ನಿಜ, ಆದರೆ ಪಟ್ಟಿ ಅದನ್ನು ಕೇಳಿಲ್ಲ. ಅಂದರೆ ಇಬ್ಬರೂ ತಮ್ಮ ತಮ್ಮ ಬೇರೆ ಪಟ್ಟಿಯಿಂದ ಅಳೆದಿದ್ದರು. ಮುಖ್ಯೋಪಾಧ್ಯಾಯಿನಿ ಮತ್ತು ಹಿರಿಯ ಶಿಕ್ಷಕರು ಇಬ್ಬರೂ ತೋರಿಸಿದ್ದು ಒಂದೇ ಮಾತನ್ನು: "ಚಿತ್ರ ಬರೆದೂ ತೋರಿಸ್ತೀನಿ."

ಅಲ್ಲಿ ಪಟ್ಟಿಯ ಸಂದಿ ಬಯಲಾಯಿತು. ಚಿತ್ರ ಬರೆಯುತ್ತೇನೆ ಎಂದರೆ ಸಾಕೇ, ಯಾವ ಚಿತ್ರ ಎಂದು ಹೇಳಬೇಕೇ? ಎರಡು ರೊಟ್ಟಿ ಬರೆದು ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಮೂರರಲ್ಲಿ ಒಂದು ಭಾಗ ಬಣ್ಣ ಹಚ್ಚಿದರೆ ಮಗುವಿಗೆ ಮತ್ತೆ ಐದರಲ್ಲಿ ಎರಡು ತುಂಡೇ ಕಾಣಬಹುದು. ಅದು ತಪ್ಪನ್ನು ಗಟ್ಟಿ ಮಾಡುವ ಚಿತ್ರ. ಒಂದೇ ಅಳತೆಯ ಎರಡು ಪಟ್ಟಿಗಳನ್ನು ಆರಾರು ಸಮಭಾಗ ಮಾಡಿ, ಅರ್ಧಕ್ಕೆ ಮೂರು ಭಾಗ, ಮೂರನೇ ಒಂದಕ್ಕೆ ಎರಡು ಭಾಗ ಎಂದು ತೋರಿಸಿದರೆ ಮಾತ್ರ ಛೇದ ಒಂದೇ ಯಾಕಿರಬೇಕು ಎಂಬುದು ಕಾಣುತ್ತದೆ. ಹೀಗೆ ಮಾತಾಡಿ ಅವರು ಎರಡು ತೀರ್ಮಾನ ಬರೆದುಕೊಂಡರು. ಒಂದು, ಯಾವ ಚಿತ್ರ, ಅದರಿಂದ ಮಗುವಿಗೆ ಏನು ಕಾಣುತ್ತದೆ ಎಂದು ಹೇಳಿದರೆ ಮಾತ್ರ 3. ಎರಡು, ಅಭ್ಯರ್ಥಿ ಚಿತ್ರ ಎಂದಷ್ಟೇ ಹೇಳಿ ನಿಲ್ಲಿಸಿದರೆ "ಬರೆದು ತೋರಿಸಿ" ಎಂದು ಎಲ್ಲರಿಗೂ ತಪ್ಪದೆ ಕೇಳಬೇಕು. ಈ ನಿಯಮದ ಪ್ರಕಾರ ಶಿಕ್ಷಕಿ ಅಭಿನಯಿಸಿದ ಉತ್ತರಕ್ಕೆ 2. ಪ್ರಾಧ್ಯಾಪಕರ ಅಂಕವೂ ಅದೇ, ಆದರೆ ಅವರ ಕಾರಣ ಬೇರೆಯಿತ್ತು. ಅಂಕ ಹೊಂದಿದರೂ ಕಾರಣ ಹೊಂದದಿದ್ದರೆ ಮುಂದಿನ ಉತ್ತರದಲ್ಲಿ ಮತ್ತೆ ದಾರಿ ಬೇರೆಯಾಗುತ್ತದೆ. ಹಾಗಾಗಿ ಬೈಠಕ್ಕಿನಲ್ಲಿ ಹಿಡಿಯಬೇಕಾದದ್ದು ಕಾರಣವನ್ನು.

ಎರಡನೇ ಮಾದರಿ ಉತ್ತರಕ್ಕೆ 3, 3, 4, 3 ಬಂತು ಎಂದುಕೊಳ್ಳಿ. ಮೂರನೆಯದಕ್ಕೆ ನಾಲ್ವರದೂ 4. ಅಷ್ಟಾದರೆ ಮುಂದೆ ಹೋಗಬಹುದು. ಮಾದರಿಗಳನ್ನು ಆರಿಸುವಾಗ ತೀರ ಕೆಟ್ಟದ್ದು, ತೀರ ಒಳ್ಳೆಯದು ಬೇಡ. ಅಲ್ಲಿ ಎಲ್ಲರೂ ಒಪ್ಪುತ್ತಾರೆ, ಏನೂ ತಿಳಿಯುವುದಿಲ್ಲ. 2 ಮತ್ತು 3ರ ನಡುವೆ, 3 ಮತ್ತು 4ರ ನಡುವೆ ತೂಗಾಡುವ ಉತ್ತರಗಳೇ ಬೇಕು, ಯಾಕೆಂದರೆ ಕೆಲಸ ಸಿಗುವ, ತಪ್ಪುವ ಗೆರೆ ಇರುವುದು ಸಾಮಾನ್ಯವಾಗಿ ಅಲ್ಲೇ. ಭಿನ್ನಾಭಿಪ್ರಾಯ ಬಂದಾಗ ಬದಲಾಗಬೇಕಾದದ್ದು ಪಟ್ಟಿಯ ವಾಕ್ಯ. ಒಬ್ಬರನ್ನು ಒಪ್ಪಿಸಿ ಅಂಕ ತಿದ್ದಿಸಿದರೆ ಆ ಒಪ್ಪಿಗೆ ಸಂಜೆಯವರೆಗೂ ಉಳಿಯುವುದಿಲ್ಲ. ವಾಕ್ಯ ಬದಲಾಯಿಸಿದರೆ ಅದು ಹಾಳೆಯಲ್ಲಿ ಉಳಿಯುತ್ತದೆ.

ಸಂದರ್ಶನದ ದಿನ

ಆ ದಿನ ಪಾಲಿಸಬೇಕಾದ ಶಿಸ್ತು ಹೆಚ್ಚಿಲ್ಲ, ಆದರೆ ಬಿಡುವಂತಿಲ್ಲ. ಕೇಳಿದ ಮಾತನ್ನು ಕೇಳಿದ ಹಾಗೆ ಚುಟುಕಾಗಿ ಬರೆದುಕೊಳ್ಳಿ. 'ಒಳ್ಳೆಯ ಉತ್ತರ' ಎಂದು ಬರೆದುಕೊಂಡರೆ ಸಂಜೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. 'ಪಟ್ಟಿ, 6 ಭಾಗ, ಮಗುವನ್ನು ಕೇಳಲಿಲ್ಲ' ಎಂದು ಬರೆದುಕೊಂಡರೆ ಅಂಕ ತಾನಾಗಿ ಬರುತ್ತದೆ. ಪ್ರತಿ ಪ್ರಶ್ನೆಯ ಅಂಕವನ್ನು ಆ ಪ್ರಶ್ನೆ ಮುಗಿದ ಕೂಡಲೇ ಹಾಕಿ. ಕೊನೆಗೆ ಒಟ್ಟಿಗೆ ಹಾಕಿದರೆ ಒಂದು ಒಳ್ಳೆಯ ಉತ್ತರದ ಬೆಳಕು ಉಳಿದೆಲ್ಲದರ ಮೇಲೂ ಬೀಳುತ್ತದೆ. ಈ ದೋಷವನ್ನು 1920ರಷ್ಟು ಹಿಂದೆಯೇ ಎಡ್ವರ್ಡ್ ಥಾರ್ನ್‌ಡೈಕ್ ಸೇನಾಧಿಕಾರಿಗಳ ಮೌಲ್ಯಮಾಪನದಲ್ಲಿ ಕಂಡಿದ್ದರು. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ಮೇಲಧಿಕಾರಿಗಳು ಕೊಟ್ಟ ಅಂಕಗಳು ಒಂದಕ್ಕೊಂದು ನಂಬಲಾಗದಷ್ಟು ಹೊಂದಿಕೊಂಡಿದ್ದವು.

ಎಲ್ಲರೂ ಅಂಕ ಬರೆದು ಮುಗಿಸುವವರೆಗೆ ಅಭ್ಯರ್ಥಿಯ ಬಗ್ಗೆ ಒಂದು ಮಾತೂ ಬೇಡ. "ಹುಡುಗ ಚೂಟಿ ಇದ್ದಾನೆ ಅಲ್ವಾ?" ಎಂಬ ಮಾತು ಬಾಗಿಲು ಮುಚ್ಚುವ ಮೊದಲೇ ಬಂದುಬಿಡುತ್ತದೆ, ಅದನ್ನು ತಡೆಯಬೇಕು. ಚರ್ಚೆಯಲ್ಲಿ ಹುದ್ದೆಯಲ್ಲಿ ದೊಡ್ಡವರು ಕೊನೆಗೆ ಮಾತಾಡಲಿ. ಅಭ್ಯರ್ಥಿಯ ಬೇರೆ ಅಂಕಗಳನ್ನು ಸಂದರ್ಶಕರಿಗೆ ಮುಂಚೆ ತೋರಿಸದಿರುವುದೂ ಒಳ್ಳೆಯದು. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸಸ್ ಆಯ್ಕೆಯಲ್ಲಿ 275 ಅಂಕದ ವ್ಯಕ್ತಿತ್ವ ಪರೀಕ್ಷೆ ಇದೆ. ಹಲವು ಬೋರ್ಡುಗಳು ಒಟ್ಟಿಗೆ ಕೂರುತ್ತವೆ, ಮುಖ್ಯ ಪರೀಕ್ಷೆಯಲ್ಲಿ ಅಭ್ಯರ್ಥಿ ಪಡೆದ ಅಂಕ ಬೋರ್ಡಿನ ಮುಂದೆ ಇರುವುದಿಲ್ಲ. ಒಂದು ಶಾಲೆಯೂ ಅಷ್ಟನ್ನು ಮಾಡಬಹುದು.

ಅಂಕಗಳನ್ನೇ ವಿಚಾರಿಸುವುದು

ನಮ್ಮ ನಾಲ್ವರು ಕಲಿಸುವ ರೀತಿಯ ಪ್ರಶ್ನೆಗೆ ಮಾತ್ರ ಮಾದರಿ ನೋಡಿದ್ದರು, ತರಗತಿ ನಿರ್ವಹಣೆಯ ಪ್ರಶ್ನೆಗೆ ಸಮಯ ಸಾಲದೆ ಬಿಟ್ಟಿದ್ದರು ಎಂದುಕೊಳ್ಳಿ. ಹತ್ತು ಅಭ್ಯರ್ಥಿಗಳಿಗೆ ಆ ಎರಡನೇ ಪ್ರಶ್ನೆಯಲ್ಲಿ ಬಿದ್ದ ಅಂಕಗಳು, ಕೂತ ಕ್ರಮದಲ್ಲಿ, ಹೀಗಿವೆ:

ಮುಖ್ಯೋಪಾಧ್ಯಾಯಿನಿ: 4 3 5 2 4 3 4 5 3 4, ಸರಾಸರಿ 3.7
ಪ್ರಾಧ್ಯಾಪಕರು: 3 2 4 1 3 2 3 4 2 3, ಸರಾಸರಿ 2.7
ಕಾರ್ಯದರ್ಶಿ: 3 4 3 4 2 5 3 2 4 3, ಸರಾಸರಿ 3.3
ಹಿರಿಯ ಶಿಕ್ಷಕರು: 3 3 3 3 3 3 3 4 3 3, ಸರಾಸರಿ 3.1

ಸರಾಸರಿ ಮಾತ್ರ ನೋಡುವವರು ತಕ್ಷಣ ಪ್ರಾಧ್ಯಾಪಕರತ್ತ ಬೆರಳು ತೋರಿಸುತ್ತಾರೆ: ಇವರು ಬಿಗಿ. ಆದರೆ ಸಾಲನ್ನು ಮತ್ತೊಮ್ಮೆ ನೋಡಿ. ಅವರು ಪ್ರತಿ ಅಭ್ಯರ್ಥಿಗೂ ಮುಖ್ಯೋಪಾಧ್ಯಾಯಿನಿಗಿಂತ ಸರಿಯಾಗಿ ಒಂದು ಅಂಕ ಕಡಿಮೆ ಕೊಟ್ಟಿದ್ದಾರೆ. ಯಾರು ಉತ್ತಮ, ಯಾರು ಹಿಂದೆ ಎಂಬುದರಲ್ಲಿ ಇಬ್ಬರಿಗೂ ಕೂದಲೆಳೆಯ ಭೇದವಿಲ್ಲ. ಒಂದೆರಡು ಮಾದರಿ ಒಟ್ಟಿಗೆ ನೋಡಿದರೆ ಸರಿಹೋಗುವ ವ್ಯತ್ಯಾಸ ಇದು.

ಹಿರಿಯ ಶಿಕ್ಷಕರು ಒಂಬತ್ತು ಜನರಿಗೆ 3 ಕೊಟ್ಟಿದ್ದಾರೆ. ಅವರ ಅಂಕ ಉಳಿದವರ ಅಂಕದಿಂದ ಹೆಚ್ಚು ದೂರ ಹೋಗುವುದಿಲ್ಲ, ಆದ್ದರಿಂದ 'ಒಂದು ಅಂಕದೊಳಗೆ ಎಷ್ಟು ಸಲ ಹೊಂದಿದೆ' ಎಂದು ಎಣಿಸಿದರೆ ಅವರೇ ಎಲ್ಲರಿಗಿಂತ ಒಳ್ಳೆಯ ಸಂದರ್ಶಕರಂತೆ ಕಾಣುತ್ತಾರೆ. ಆಯ್ಕೆಗೆ ಆ ಅಂಕ ಏನನ್ನೂ ಹೇಳುವುದಿಲ್ಲ. ಹೊಂದಾಣಿಕೆಯನ್ನು ಎಣಿಸುವಾಗ ಅಂಕದ ಹರಹನ್ನೂ ನೋಡಲೇಬೇಕು ಎನ್ನುವುದು ಇದಕ್ಕೇ. ಇಂಥವರ ಜೊತೆ ಕೂತು, 2 ಮತ್ತು 4ರ ಮೆಟ್ಟಿಲುಗಳಿಗೆ ಎಂಥ ಉತ್ತರ ಸಲ್ಲುತ್ತದೆ ಎಂದು ಮಾದರಿಗಳಿಂದಲೇ ತೋರಿಸಬೇಕು. ಮುಂದೆ ಜೊತೆಯಲ್ಲಿ ದುಡಿಯಬೇಕಾದವರಿಗೆ ಕಡಿಮೆ ಅಂಕ ಹಾಕಲು ಮನಸ್ಸು ಬಾರದಿರುವುದೂ ಉಂಟು. ಹಾಳೆ ಗೋಪ್ಯವಾಗಿರುತ್ತದೆ ಎಂಬ ಭರವಸೆ ಆಗ ಬೇಕಾಗುತ್ತದೆ.

ನಿಜವಾದ ತೊಡಕು ಇರುವುದು ಕಾರ್ಯದರ್ಶಿಯವರ ಸಾಲಿನಲ್ಲಿ. ಸರಾಸರಿ 3.3, ಎಲ್ಲರ ನಡುವೆ ನೆಮ್ಮದಿಯಾಗಿ ಕೂತಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಎಂಟನೇ ಅಭ್ಯರ್ಥಿಗೆ ಮುಖ್ಯೋಪಾಧ್ಯಾಯಿನಿ 5 ಕೊಟ್ಟರೆ ಇವರು 2, ಆರನೆಯವರಿಗೆ ಅವರು 3 ಕೊಟ್ಟರೆ ಇವರು 5. ಕ್ರಮವೇ ತಿರುಗಿದೆ. ಇದಕ್ಕೆ ಎಷ್ಟು ಅಂಕ ಕೂಡಿಸಿದರೂ ಕಳೆದರೂ ಸರಿಹೋಗದು, ಯಾಕೆಂದರೆ ಅವರು ಅಳೆಯುತ್ತಿರುವ ವಸ್ತುವೇ ಬೇರೆ. ಏನದು ಎಂದು ತಿಳಿಯಲು ಟಿಪ್ಪಣಿ ತೆರೆಯಬೇಕು. ಆರನೇ ಅಭ್ಯರ್ಥಿಯ ಎದುರು ಉಳಿದವರು 'ಗಲಾಟೆ ಮಾಡಿದವರನ್ನು ಹೊರಗೆ ನಿಲ್ಲಿಸುವೆ ಎಂದರು' ಎಂದು ಬರೆದಿದ್ದಾರೆ. ಕಾರ್ಯದರ್ಶಿ ಬರೆದಿರುವುದು 'ಶಿಸ್ತಿನ ಮನುಷ್ಯ'. ಎಂಟನೆಯವರ ಎದುರು ಅವರ ಟಿಪ್ಪಣಿ 'ಮೆತ್ತಗೆ'.

ಹೀಗಾದಾಗ ನಡೆಯಬೇಕಾದದ್ದು ಅಂಕದ ಚೌಕಾಸಿಯಲ್ಲ. ಈ ಶಾಲೆಗೆ ಒಳ್ಳೆಯ ತರಗತಿ ನಿರ್ವಹಣೆ ಎಂದರೆ ಏನು ಎಂದು ಶಾಲೆಯೇ ತೀರ್ಮಾನಿಸಿ ಪಟ್ಟಿಯಲ್ಲಿ ಬರೆಯಬೇಕು. ಆ ತೀರ್ಮಾನಕ್ಕೆ ಕಾನೂನಿನ ಎಲ್ಲೆಯೂ ಇದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಅಭ್ಯರ್ಥಿಗಳ ಆಯ್ಕೆ ಪ್ರಕಟವಾಗುವ ಮೊದಲು ಇದು ಗೊತ್ತಾದರೆ, ಆ ಪ್ರಶ್ನೆಯ ಟಿಪ್ಪಣಿಗಳನ್ನು ಇಟ್ಟುಕೊಂಡು ನಾಲ್ವರೂ ಹತ್ತು ಜನರಿಗೂ ಹೊಸದಾಗಿ ಅಂಕ ಹಾಕಬೇಕು. ಇಷ್ಟವಾದ ಒಬ್ಬಿಬ್ಬರಿಗೆ ಮಾತ್ರ ತಿದ್ದುವುದು ಸಲ್ಲದು.

ಎರಡು ಪ್ಯಾನೆಲ್ ಇದ್ದಾಗ

ಅಭ್ಯರ್ಥಿಗಳು ಮೂವತ್ತು, ನಲವತ್ತು ಇದ್ದರೆ ಒಂದೇ ಪ್ಯಾನೆಲ್ ಸಾಲುವುದಿಲ್ಲ. ಒಂದನೇ ಪ್ಯಾನೆಲ್ಲಿನ ಸರಾಸರಿ 3.8, ಎರಡನೆಯದ್ದು 2.9 ಬಂತು ಎನ್ನೋಣ. ಮೊದಲ ಕಡೆ 4.0 ಪಡೆದವರು ತಮ್ಮ ಪ್ಯಾನೆಲ್ಲಿನ ಸರಾಸರಿಗಿಂತ 0.2 ಮೇಲಿದ್ದಾರೆ. ಎರಡನೇ ಕಡೆ 3.4 ಪಡೆದವರು 0.5 ಮೇಲಿದ್ದಾರೆ. ಹೀಗೆ ಸರಾಸರಿಯಿಂದ ಇರುವ ದೂರವನ್ನು ಹಿಡಿದರೆ ಎರಡನೆಯವರು ಮುಂದಾಗುತ್ತಾರೆ. ಲೆಕ್ಕ ಸುಲಭ, ಕಾಣಲು ನ್ಯಾಯವಾಗಿಯೂ ಇದೆ.

ಆದರೆ ಈ ಲೆಕ್ಕ ಒಂದು ಊಹೆಯ ಮೇಲೆ ನಿಂತಿದೆ: ಎರಡೂ ಕಡೆ ಹೋದ ಅಭ್ಯರ್ಥಿಗಳ ಗುಂಪುಗಳು ಹೆಚ್ಚುಕಡಿಮೆ ಸಮಾನ ಎಂಬ ಊಹೆ. ಅರ್ಜಿ ಬಂದ ಕ್ರಮದಲ್ಲೋ, ಬಿ.ಎಡ್. ಅಂಕದ ಕ್ರಮದಲ್ಲೋ, ಊರಿನ ಪ್ರಕಾರವೋ ಹಂಚಿದ್ದರೆ ಮೊದಲ ಗುಂಪು ನಿಜಕ್ಕೂ ಉತ್ತಮವಿರಬಹುದು. ಆಗ ಸರಾಸರಿ ಕಳೆದರೆ ಒಳ್ಳೆಯವರಿಗೇ ಅನ್ಯಾಯ. ಚೀಟಿ ಎತ್ತಿ ಹಂಚಿದ್ದರೂ ಒಂದೊಂದು ಕಡೆ ಐದಾರು ಜನರಷ್ಟೇ ಇದ್ದರೆ ಸರಾಸರಿ ಒಬ್ಬಿಬ್ಬರಿಂದಲೇ ಏರುಪೇರಾಗುತ್ತದೆ. ಆದ್ದರಿಂದ ಚೀಟಿ ಎತ್ತಿ ಹಂಚಿರದಿದ್ದರೆ, ಇಲ್ಲವೇ ಸಂಖ್ಯೆ ಸಾಕಷ್ಟಿಲ್ಲದಿದ್ದರೆ ಈ ತಿದ್ದುಪಡಿಗೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕಿಂತ ಒಳ್ಳೆಯದು ಪ್ಯಾನೆಲ್ಲುಗಳನ್ನು ಬೆಸೆಯುವುದು. ಊಟದ ನಂತರ ಎರಡೂ ಕಡೆಯಿಂದ ಒಬ್ಬೊಬ್ಬರು ಸ್ಥಳ ಬದಲಿಸಲಿ. ಮಾದರಿ ಉತ್ತರಗಳ ಬೈಠಕ್ ಎರಡೂ ಪ್ಯಾನೆಲ್ಲಿಗೆ ಒಟ್ಟಿಗೇ ನಡೆಯಲಿ. ಗೆರೆಯ ಅಕ್ಕಪಕ್ಕ ನಿಂತ ಅಭ್ಯರ್ಥಿಗಳ ಟಿಪ್ಪಣಿಯನ್ನು ಇನ್ನೊಂದು ಪ್ಯಾನೆಲ್ ಓದಿ, ಮೊದಲ ಅಂಕ ನೋಡದೆ, ತನ್ನ ಅಂಕ ಹಾಕಲಿ. ಟಿಪ್ಪಣಿ ಚೆನ್ನಾಗಿದ್ದರೆ ಇದು ನಡೆಯುತ್ತದೆ. ನಡೆಯದಿದ್ದರೆ ಟಿಪ್ಪಣಿ ಚೆನ್ನಾಗಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ.

ಹೊಂದಾಣಿಕೆಯ ಮಿತಿ

ಒಮ್ಮೆ ಹೊಂದಿಸಿದ್ದು ಹಾಗೇ ಉಳಿಯುವುದಿಲ್ಲ. ಐದು ದುರ್ಬಲ ಅಭ್ಯರ್ಥಿಗಳು ಸಾಲಾಗಿ ಬಂದರೆ ಆರನೆಯ ಸಾಧಾರಣ ಅಭ್ಯರ್ಥಿ ಹೊಳೆಯುತ್ತಾರೆ. ಸಂಜೆಗೆ ಎಲ್ಲರಿಗೂ ದಣಿವು. ಸಂದರ್ಶನ ಹಲವು ದಿನ ನಡೆದರೆ ಮೊದಲ ದಿನದ 3 ಮತ್ತು ನಾಲ್ಕನೇ ದಿನದ 3 ಒಂದೇ ಇರುವುದಿಲ್ಲ. ಇದನ್ನು ಹಿಡಿಯಲು, ಮೊದಲೇ ಅಂಕ ನಿಶ್ಚಯವಾಗಿರುವ ಒಂದು ಮಾದರಿ ಉತ್ತರವನ್ನು ಎತ್ತಿಟ್ಟುಕೊಂಡು, ಪ್ರತಿ ದಿನ ಬೆಳಿಗ್ಗೆ ಎಲ್ಲರಿಂದ ಅದಕ್ಕೆ ಮೌನವಾಗಿ ಅಂಕ ಹಾಕಿಸಬೇಕು. ಐದು ನಿಮಿಷದ ಕೆಲಸ. ಒಂದೇ ಮಾದರಿಯನ್ನು ದಿನವೂ ಬಳಸಿದರೆ ನೆನಪಿನಿಂದ ಹಾಕುತ್ತಾರೆ, ಹಾಗಾಗಿ ಮೂರು ನಾಲ್ಕು ಇಟ್ಟುಕೊಳ್ಳಿ. ಹೊಸ ಸಂದರ್ಶಕರು ಸೇರಿದರೆ ಮೊದಲ ಕೆಲವು ಅಭ್ಯರ್ಥಿಗಳಿಗೆ ಅವರೂ ಅಂಕ ಹಾಕಲಿ, ಆ ಅಂಕ ಎಣಿಕೆಗೆ ಬರುವುದು ಬೇಡ. ಹಳಬರ ಕಾರಣದೊಂದಿಗೆ ಅವರ ಕಾರಣ ಹೊಂದತೊಡಗಿದ ಮೇಲೆ ಎಣಿಕೆಗೆ ತೆಗೆದುಕೊಳ್ಳಿ.

ನಾಲ್ವರೂ ಒಂದೇ ಅಂಕ ಕೊಡುತ್ತಾರೆ ಎಂದರೆ ಅವರು ಸರಿ ಎಂದಲ್ಲ. ನಾಲ್ವರೂ ಒಟ್ಟಿಗೆ ತಪ್ಪಿರಬಹುದು. ಪಟ್ಟಣದ ಭಾಷೆ ಆಡುವವರನ್ನು ನಾಲ್ವರೂ ಮೆಚ್ಚಿ, ಕಲಬುರಗಿಯ ಅಥವಾ ಕುಂದಾಪುರದ ಕನ್ನಡ ಆಡುವವರಿಗೆ ನಾಲ್ವರೂ ಅರ್ಧ ಮೆಟ್ಟಿಲು ಇಳಿಸಿದರೆ ಹೊಂದಾಣಿಕೆ ಪರಿಪೂರ್ಣವಾಗಿಯೇ ಕಾಣುತ್ತದೆ. ಇದನ್ನು ಪತ್ತೆ ಮಾಡಲು ಒಂದು ದಾರಿ, ಒಂದೇ ಉತ್ತರವನ್ನು ಎರಡು ನುಡಿಗಟ್ಟಿನಲ್ಲಿ ಹೇಳಿಸಿ ಬೇರೆ ಬೇರೆ ದಿನ ಅಂಕ ಹಾಕಿಸಿ ನೋಡುವುದು. ಇನ್ನೊಂದು, ಆಯ್ಕೆಯಾದ ಶಿಕ್ಷಕರ ತರಗತಿಯಲ್ಲಿ ವರ್ಷದ ನಂತರ ಕೂತು, ಸಂದರ್ಶನದಲ್ಲಿ 4 ಪಡೆದವರು ಬೆಂಚಿನ ಪಕ್ಕ ನಿಂತು ಮಗುವನ್ನು ನಿಜವಾಗಿ ಕೇಳುತ್ತಾರೆಯೇ ಎಂದು ನೋಡುವುದು. ಆಯ್ಕೆಯಾಗದವರು ಹೇಗೆ ಕಲಿಸುತ್ತಿದ್ದರು ಎಂಬುದು ಮಾತ್ರ ಗೊತ್ತಾಗುವುದಿಲ್ಲ, ಆದ್ದರಿಂದ ಈ ಪರೀಕ್ಷೆ ಯಾವತ್ತೂ ಅರ್ಧವೇ.

ಮುಂದಿನ ಸಂದರ್ಶನ ಹತ್ತಿರದಲ್ಲಿದ್ದು, ಪಟ್ಟಿ ಬರೆಯಲು, ಚೀಟಿ ಜೋಡಿಸಲು ನಿಮಗೆ ಸಮಯವಿಲ್ಲದಿದ್ದರೆ ಇಷ್ಟನ್ನಾದರೂ ಮಾಡಿ: ಆ ದಿನ ಬೆಳಿಗ್ಗೆ ಮೊದಲ ಅಭ್ಯರ್ಥಿಯನ್ನು ಕರೆಯುವ ಮುಂಚೆ ಇಪ್ಪತ್ತು ನಿಮಿಷ ತೆಗೆದಿಟ್ಟು, ಒಂದು ಮಾದರಿ ಉತ್ತರವನ್ನು ಗಟ್ಟಿಯಾಗಿ ಓದಿಸಿ, ಎಲ್ಲರಿಂದ ಮೌನವಾಗಿ ಅಂಕ ಬರೆಸಿ, ಹಾಳೆಗಳನ್ನು ಒಟ್ಟಿಗೆ ತಿರುಗಿಸಿ. ಅಂಕಗಳು ಬೇರೆ ಬೇರೆ ಬಂದರೆ ಅಭ್ಯರ್ಥಿಗಳನ್ನು ಅರ್ಧ ಗಂಟೆ ಕಾಯಲು ಕೇಳಿಕೊಳ್ಳಿ. ಕಾರಣ ಹೇಳಿದರೆ ಯಾವ ಅಭ್ಯರ್ಥಿಯೂ ಬೇಸರ ಮಾಡಿಕೊಳ್ಳುವುದಿಲ್ಲ.